ಎರಡು ಮೆಚ್ಚಿನ ಪದ, ಒಂದು ಹೊಸ ಹೆಸರು: ಬಾಯಿಗೆ ಒಗ್ಗುವ ಯೂಸರ್‌ನೇಮ್ ಕಟ್ಟುವ ಬಗೆ

ಇಷ್ಟದ ಒಂದು ಪದವನ್ನು ಯೂಸರ್‌ನೇಮ್ ಮಾಡಿಕೊಳ್ಳಲು ಹೋದರೆ ಅದು ಯಾವತ್ತೋ ಬೇರೆಯವರ ಪಾಲಾಗಿರುತ್ತದೆ. `navilu` ಬೇಕು ಅಂದರೆ ಸಿಗುವುದು `navilu_2847` ಥರದ್ದು. ಈ ತೊಂದರೆಯಿಂದ ಪಾರಾಗಲು ನಾನು ಬಳಸುವ ದಾರಿ ಒಂದೇ. ಎರಡು ಮೆಚ್ಚಿನ ಪದಗಳನ್ನು ಬಿಡಿಸಿ, ತುಂಡುಗಳನ್ನು ಬೆಸೆದು, ಯಾವ ನಿಘಂಟಿನಲ್ಲೂ ಇಲ್ಲದ ಪದ ಮಾಡುವುದು. ಕೇಳಲು ಸುಲಭ. ಆದರೆ ಸುಮ್ನೆ ಕತ್ತರಿಸಿ ಅಂಟಿಸಿದರೆ ಬರುವುದು ಹೆಚ್ಚಿನ ಸಲ ಬಾಯಲ್ಲಿ ನಿಲ್ಲದ ಹೆಸರು, ಇಲ್ಲವೇ ನಿಂತರೂ ಬೇರೆಯವರು ಸರಿಯಾಗಿ ಟೈಪ್ ಮಾಡಲಾಗದ ಹೆಸರು.

ಇಲ್ಲಿ ಕನ್ನಡ ಪದಗಳಿಂದಲೇ ಹೆಸರು ಕಟ್ಟುವ ಬಗೆ ಹೇಳುತ್ತೇನೆ. ಕನ್ನಡದಲ್ಲಿ ಕೇಳಿ ಕಟ್ಟಿದ ಹೆಸರನ್ನು ಕೊನೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಕಿವಿಗೆ ಇಂಪಾದದ್ದು ಕಣ್ಣಿಗೆ ಎಡವಟ್ಟಾಗುವುದು ಆ ಜಾಗದಲ್ಲೇ. ಉದಾಹರಣೆಗೆ ಒಂದು ಜೋಡಿಯನ್ನು ಮೊದಲಿಂದ ಕೊನೆಯವರೆಗೆ ಹಿಡಿದುಕೊಂಡು ಹೋಗೋಣ: ನವಿಲು ಮತ್ತು ತುಂತುರು.

## ಮೊದಲು ಬಿಡಿಸಿ, ಆದರೆ ಕಿವಿಯಿಂದ

ಎರಡೂ ಪದಗಳನ್ನು ಒಂದು ಹಾಳೆಯ ಮೇಲೆ ತುಂಡು ತುಂಡಾಗಿ ಬರೆಯಿರಿ. ನ–ವಿ–ಲು. ತುಂ–ತು–ರು. ಕನ್ನಡದಲ್ಲಿ ಈ ಕೆಲಸ ಸಲೀಸು, ಯಾಕೆಂದರೆ ನಮ್ಮ ಒಂದೊಂದು ಅಕ್ಷರವೂ ಸಾಮಾನ್ಯವಾಗಿ ಒಂದು ಉಚ್ಚಾರದ ತುಂಡು. ವ್ಯಂಜನ ಮತ್ತು ಸ್ವರ ಕೂಡಿಯೇ ಇರುತ್ತವೆ.

ತಪ್ಪುವುದು ಒತ್ತಕ್ಷರ ಬಂದಾಗ. ಗೆಜ್ಜೆ ಎಂದು ಬರೆಯುವಾಗ ಗೆ, ಜ್ಜೆ ಎಂದು ಎರಡು ಅಕ್ಷರ. ಆದರೆ ಹೇಳುವಾಗ ನಾಲಿಗೆ ಅದನ್ನು ಗೆಜ್–ಜೆ ಎಂದು ಒಡೆಯುತ್ತದೆ. ಒತ್ತಿನ ಮೊದಲ ಅರ್ಧ ಹಿಂದಿನ ಸ್ವರಕ್ಕೆ ಆತುಕೊಂಡಿರುತ್ತದೆ. ಅದಕ್ಕೇ ‘ಜ್ಜೆ’ ತುಂಡನ್ನು ಹೆಸರಿನ ಶುರುವಿನಲ್ಲಿ ಇಟ್ಟರೆ ಹೇಳಲು ಆಗುವುದಿಲ್ಲ. ಸ್ವರವೊಂದರ ನಂತರ ಇಟ್ಟರೆ ಚೆನ್ನಾಗಿಯೇ ಬರುತ್ತದೆ: ನವಿಜ್ಜೆ. ಒತ್ತಕ್ಷರ ಇರುವ ಪದವನ್ನು ಆರಿಸಿಕೊಂಡಿದ್ದರೆ, ಆ ತುಂಡು ಹೆಸರಿನ ನಡುವೆಯೋ ಕೊನೆಗೋ ಬರುವಂತೆ ನೋಡಿಕೊಳ್ಳಿ. ಇಲ್ಲವೇ ಒತ್ತನ್ನು ಬಿಟ್ಟು ‘ಜೆ’ ಅಷ್ಟನ್ನೇ ತೆಗೆದುಕೊಳ್ಳಿ.

ಹಾಗೆಯೇ ಣ ಮತ್ತು ಳ. ಕನ್ನಡದ ಪದಗಳು ಈ ಎರಡರಿಂದ ಶುರುವಾಗುವುದಿಲ್ಲ. ಕೊಳಲು ಪದದ ‘ಳಲು’ ತುಂಡನ್ನು ಹೆಸರಿನ ಮುಂದೆ ಇಟ್ಟು ನೋಡಿ, ನಾಲಿಗೆ ತಡವರಿಸುತ್ತದೆ. ಇವೂ ನಡುವೆ ಇದ್ದರೆ ಚೆಂದ.

## ಎಂಟು ಹೆಸರು ಬರೆದು ನೋಡುವುದು

ಮೂರು ಮೂರು ತುಂಡಿನ ಎರಡು ಪದಗಳಿದ್ದರೆ ಲೆಕ್ಕ ಸರಳ. ಒಂದರ ತಲೆಯಿಂದ ಒಂದು ಅಥವಾ ಎರಡು ತುಂಡು, ಇನ್ನೊಂದರ ಬಾಲದಿಂದ ಒಂದು ಅಥವಾ ಎರಡು ತುಂಡು. ನಾಲ್ಕು ಜೋಡಣೆ ಆಯಿತು. ಪದಗಳನ್ನು ಹಿಂದುಮುಂದು ಮಾಡಿದರೆ ಇನ್ನೂ ನಾಲ್ಕು.

ನವಿಲು ಮುಂದಿದ್ದರೆ: ನರು, ನತುರು, ನವಿರು, ನವಿತುರು.

ತುಂತುರು ಮುಂದಿದ್ದರೆ: ತುಂಲು, ತುಂವಿಲು, ತುಂತುಲು, ತುಂತುವಿಲು.

ಎಂಟನ್ನೂ ಬರೆಯಿರಿ. ಕೆಟ್ಟದ್ದೆನಿಸಿದರೂ ಬರೆಯಿರಿ, ಯಾಕೆಂದರೆ ಕೆಟ್ಟ ಹೆಸರು ಯಾಕೆ ಕೆಟ್ಟಿತು ಎಂಬುದರಲ್ಲೇ ಒಳ್ಳೆಯ ಹೆಸರಿನ ಸುಳಿವು ಇರುತ್ತದೆ. ಈಗ ಒಂದೊಂದನ್ನೂ ಮೂರು ಸಲ ಜೋರಾಗಿ, ಬೇಗ ಬೇಗ ಹೇಳಿ. ಮನಸ್ಸಿನಲ್ಲಿ ಓದಿದರೆ ತಪ್ಪು ಗೊತ್ತಾಗುವುದಿಲ್ಲ.

‘ನರು’ ಅರ್ಧಕ್ಕೆ ನಿಂತ ಹಾಗಿದೆ. ಎರಡೇ ತುಂಡಿನ ಹೆಸರಲ್ಲಿ ಎರಡು ಪದಗಳ ಗುರುತು ಉಳಿಯಲು ಜಾಗವೇ ಇರುವುದಿಲ್ಲ. ಇಷ್ಟು ಗಿಡ್ಡ ಹೆಸರುಗಳು ಖಾಲಿ ಇರುವುದೂ ಅಪರೂಪ. ಅದನ್ನು ಬಿಡೋಣ.

‘ನತುರು’ ಹೇಳಲು ಹಾಯಾಗಿದೆ. ಆದರೆ ಬರೆದು ನೋಡಿ: `naturu`. ನೋಡಿದವರಿಗೆ ನೇಚರ್ ಎಂಬ ಇಂಗ್ಲಿಷ್ ಪದವನ್ನು ತಪ್ಪಾಗಿ ಟೈಪ್ ಮಾಡಿದ ಹಾಗೆ ಕಾಣುತ್ತದೆ. ಹುಡುಕುವವರು ಅದನ್ನು ತಿದ್ದಿ ಹುಡುಕುತ್ತಾರೆ, ಹುಡುಕಾಟದ ಪೆಟ್ಟಿಗೆಯೂ ತಾನೇ ತಿದ್ದಿಬಿಡಬಹುದು. ಇದೂ ಬೇಡ.

‘ನವಿರು’ ಇನ್ನೊಂದು ಪಾಠ ಹೇಳುತ್ತದೆ. ನವಿಲಿನ ನವಿ, ತುಂತುರಿನ ರು. ಎಷ್ಟು ಸಹಜವಾಗಿ ಕೂಡಿತು ಅಲ್ವಾ? ಆದರೆ ಅದು ಈಗಾಗಲೇ ಇರುವ ಪದ. ಮೃದು, ತೆಳು, ಸೂಕ್ಷ್ಮ ಎಂಬ ಅರ್ಥದಲ್ಲಿ ನಾವು ಬಳಸುವ ಪದವೇ. ಬೆಸುಗೆ ಚೆನ್ನಾಗಿ ಕೂತಷ್ಟೂ ಇಂಥ ಡಿಕ್ಕಿ ಜಾಸ್ತಿ. ಅರ್ಥ ಹಿತವಾಗಿದ್ದರೂ ಹೊಸ ಹೆಸರಿನ ಲಾಭ ಹೋಯಿತು. ಹುಡುಕಿದರೆ ಬರುವುದು ನಿಮ್ಮ ಖಾತೆಯಲ್ಲ, ಆ ಪದ ಇರುವ ನೂರು ಪುಟಗಳು.

‘ನವಿತುರು’ ಉಳಿಯಿತು. ಎರಡೂ ಪದಗಳಿಂದ ಎರಡೆರಡು ತುಂಡು ಬಂದಿವೆ. ಹೇಳಿದವರಿಗೆ ನವಿಲೂ ಕಾಣುತ್ತದೆ, ತುಂತುರೂ ಕೇಳುತ್ತದೆ. ಇದಕ್ಕೆ ಒಂದು ಗುರುತು ಹಾಕಿ ಇಡೋಣ.

ಎರಡನೇ ಸಾಲಿನ ‘ತುಂಲು’ ಮತ್ತು ‘ತುಂವಿಲು’ ಎರಡೂ ಬಾಯಿಗೆ ಒಗ್ಗುವುದಿಲ್ಲ. ‘ತುಂತುಲು’ ತುಂತುರನ್ನು ತೊದಲಿ ಹೇಳಿದ ಹಾಗಿದೆ, ನವಿಲಿನ ಗುರುತೇ ಇಲ್ಲ. ‘ತುಂತುವಿಲು’ ಉದ್ದವಾಯಿತು. ಆ ಮೊದಲೆರಡು ಯಾಕೆ ಕೆಟ್ಟವು ಎಂಬುದನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು.

## ಸೊನ್ನೆಯೊಳಗಿನ ನಕಾರ

ಸೊನ್ನೆಗೆ, ಅಂದರೆ ಅನುಸ್ವಾರಕ್ಕೆ, ತನ್ನದೇ ಆದ ಒಂದು ಸದ್ದಿಲ್ಲ. ಮುಂದೆ ಕ ದಿಂದ ಮ ವರೆಗಿನ ಯಾವ ಅಕ್ಷರ ಬರುತ್ತದೋ ಅದರ ವರ್ಗದ ಅನುನಾಸಿಕವಾಗಿ ಅದು ಬದಲಾಗುತ್ತದೆ. ತ, ದ ಮುಂದಿದ್ದರೆ ನ್. ಪ, ಬ ಮುಂದಿದ್ದರೆ ಮ್. ಕ, ಗ ಮುಂದಿದ್ದರೆ ಗಂಟಲ ಹತ್ತಿರದ ಙ್. ತುಂತುರು ಎಂದು ಬರೆದರೂ ಹೇಳುವುದು ತುನ್–ತು–ರು. ಈಗ ‘ತು’ ತೆಗೆದು ಅದರ ಜಾಗದಲ್ಲಿ ‘ವಿ’ ಇಟ್ಟರೆ ಆ ಸೊನ್ನೆಗೆ ನೆಲೆ ತಪ್ಪುತ್ತದೆ. ನಾಲಿಗೆ ತಡೆಯುವುದು ಅದಕ್ಕೇ.

ನಿಮ್ಮ ಪದದಲ್ಲಿ ಸೊನ್ನೆ ಇದ್ದರೆ ಎರಡು ಸಂಗತಿ ನೆನಪಿಡಿ. ಸೊನ್ನೆಯ ಜೊತೆಗೆ ಅದರ ಮುಂದಿನ ವ್ಯಂಜನವನ್ನೂ ತನ್ನಿ. ಹಾಗಾಗದಿದ್ದರೆ ಸೊನ್ನೆಯನ್ನು ಬಿಡಿಸಿ, ಅದರೊಳಗೆ ಯಾವ ಸದ್ದಿದೆ ಎಂದು ನೋಡಿ.

ತುಂತುರಿನ ಸೊನ್ನೆಯೊಳಗೆ ನ್ ಇದೆ. ನವಿಲು ಶುರುವಾಗುವುದೂ ನ ದಿಂದಲೇ.

ನಾನು ಪ್ರತಿ ಸಲ ಹುಡುಕುವುದು ಇದನ್ನೇ: ಎರಡೂ ಪದಗಳಲ್ಲಿ ಇರುವ ಒಂದು ಸದ್ದು. ಬೆಸುಗೆಯನ್ನು ಆ ಸದ್ದಿನ ಮೇಲೆಯೇ ಹಾಕಬೇಕು. ತು(ನ್) ಮತ್ತು (ನ)ವಿಲು. ನಕಾರವನ್ನು ಒಂದೇ ಸಲ ಹೇಳಿದರೆ ತುನವಿಲು. ಬಾಲ ಕತ್ತರಿಸಿದರೆ ತುನವಿ. ಆ ‘ನ’ ತುಂತುರಿಗೂ ಸೇರಿದ್ದು, ನವಿಲಿಗೂ ಸೇರಿದ್ದು. ಅದಕ್ಕೇ ಬೆಸುಗೆ ಎಲ್ಲಿದೆ ಎಂದು ಕಿವಿಗೆ ಗೊತ್ತೇ ಆಗುವುದಿಲ್ಲ.

ಇಂಗ್ಲಿಷಿನಲ್ಲಿ ಬಾಳಿಕೆ ಬಂದ ಹಲವು ಪದಗಳು ಹೀಗೆಯೇ ಹುಟ್ಟಿದವು. ಮೋಟಾರ್ ಮತ್ತು ಹೋಟೆಲ್ ಕೂಡಿ ಮೋಟೆಲ್ ಆಯಿತು. ‘ಓಟ’ದಂಥ ಸದ್ದು ಎರಡರಲ್ಲೂ ಇತ್ತು, ಬೆಸುಗೆ ಅಲ್ಲೇ ಬಿತ್ತು. ಬ್ರೇಕ್‌ಫಾಸ್ಟ್ ಮತ್ತು ಲಂಚ್ ಕೂಡಿದ ಬ್ರಂಚ್ ಬೇರೆ ಬಗೆಯದು. ಅದರಲ್ಲಿ ಹಂಚಿಕೊಂಡ ಸದ್ದಿಲ್ಲ, ಒಂದರ ತಲೆಗೆ ಇನ್ನೊಂದರ ಬಾಲ ಅಂಟಿದೆ. ಎರಡೂ ನಡೆಯುತ್ತವೆ. ಆದರೆ ಹಂಚಿಕೊಂಡ ಸದ್ದು ಸಿಕ್ಕಿದರೆ ನಾನು ಎರಡು ಸಲ ಯೋಚಿಸುವುದಿಲ್ಲ.

ಇನ್ನೊಂದು ಜೋಡಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಳಕು ಮತ್ತು ಕಿರಣ. ಮೊದಲನೆಯದು ಕಕಾರದಲ್ಲಿ ಮುಗಿಯುತ್ತದೆ, ಎರಡನೆಯದು ಕಕಾರದಲ್ಲಿ ಶುರುವಾಗುತ್ತದೆ. ಸ್ವರ ಮಾತ್ರ ಬೇರೆ. ಕಕಾರವನ್ನು ಒಂದೇ ಸಲ ಇಟ್ಟು ಎರಡನೆಯದರ ಸ್ವರ ಉಳಿಸಿಕೊಂಡರೆ ಬೆಳಕಿರಣ. ಬಾಲ ತೆಗೆದರೆ ಬೆಳಕಿರ. `belakira` ನನಗೆ ತುಂಬಾ ಇಷ್ಟವಾದ ಜೋಡಣೆಗಳಲ್ಲಿ ಒಂದು. ಯಾಕೆ ಎಂಬುದು ಮುಂದೆ ಕಾಗುಣಿತದ ಮಾತು ಬಂದಾಗ ತಿಳಿಯುತ್ತದೆ.

ಹಂಚಿಕೊಂಡ ಸದ್ದು ಹುಡುಕುವುದು ಹೀಗೆ: ಒಂದು ಪದದ ಎಲ್ಲ ವ್ಯಂಜನಗಳನ್ನೂ ಒಂದು ಸಾಲಿನಲ್ಲಿ ಬರೆಯಿರಿ, ಇನ್ನೊಂದರದ್ದನ್ನು ಅದರ ಕೆಳಗೆ. ಸೊನ್ನೆಯನ್ನು ಬಿಡಿಸಿ ಬರೆಯಲು ಮರೆಯಬೇಡಿ. ಎರಡೂ ಸಾಲಿನಲ್ಲಿರುವ ವ್ಯಂಜನದ ಸುತ್ತ ಗೆರೆ ಎಳೆಯಿರಿ. ಅದು ಒಂದು ಪದದ ಕೊನೆಯ ಕಡೆಗೂ ಇನ್ನೊಂದರ ಶುರುವಿನ ಕಡೆಗೂ ಇದ್ದರೆ ಕೆಲಸ ಮುಗಿದ ಹಾಗೆ. ಎರಡು ಪದಗಳ ಬಾಲವೇ ಒಂದೇ ಥರ ಇದ್ದರೆ, ಉದಾಹರಣೆಗೆ ಮುಗಿಲು ಮತ್ತು ನವಿಲು, ತಲೆಯನ್ನು ಮಾತ್ರ ಬದಲಿಸಬಹುದು: ನಗಿಲು. ಇದು ನುಣುಪಾಗಿಯೇ ಬರುತ್ತದೆ, ಆದರೆ ಫೋನಿನಲ್ಲಿ ಕೇಳಿದವರು ನೇಗಿಲು ಎಂದುಕೊಳ್ಳುತ್ತಾರೆ. ಮನುಷ್ಯರ ಕಿವಿ ಹೊಸ ಪದವನ್ನು ಗೊತ್ತಿರುವ ಪದದ ಕಡೆಗೆ ಎಳೆಯುತ್ತದೆ.

## ಎರಡು ಸ್ವರ ಎದುರುಬದುರಾದರೆ

ಹಂಚಿಕೊಂಡ ಸದ್ದು ಸಿಗದೆ, ಒಂದು ತುಂಡು ಸ್ವರದಲ್ಲಿ ಮುಗಿದು ಇನ್ನೊಂದು ಸ್ವರದಿಂದ ಶುರುವಾದರೆ ಏನು ಮಾಡುವುದು? ಶಾಲೆಯಲ್ಲಿ ಕಲಿತ ಸಂಧಿ ಪಾಠ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕನ್ನಡ ತನ್ನ ಪದಗಳನ್ನು ಬೆಸೆಯುವ ರೀತಿ ಅದೇ ತಾನೇ. ಅದರಂತೆ ನಡೆದರೆ ಹೊಸ ಹೆಸರೂ ನಾಲಿಗೆಗೆ ಹಳೆಯ ಪರಿಚಯದಂತೆ ಇರುತ್ತದೆ.

ಮುಗಿಲು ಮತ್ತು ಅಲೆ ತೆಗೆದುಕೊಳ್ಳಿ. ಮುಗಿ + ಅಲೆ. ಹಾಗೇ ಇಟ್ಟರೆ `mugiale`, ನಡುವೆ ಒಂದು ಗುಂಡಿ. ಆಗಮ ಸಂಧಿಯ ದಾರಿ ಹಿಡಿದು ಯಕಾರ ತಂದರೆ ಮುಗಿಯಲೆ. ಗುಂಡಿ ಮುಚ್ಚಿತು, ಆದರೆ ಅದು ‘ಮುಗಿಯಲೇ?’ ಎಂದು ಕೇಳಿದ ಹಾಗೆ ಆಯಿತು. ಲೋಪ ಸಂಧಿಯ ದಾರಿ ಹಿಡಿದು ಮೊದಲಿನ ಸ್ವರ ಬಿಟ್ಟರೆ ಮುಗಲೆ. ಇದು ಚೆನ್ನ. ಗಿಡ್ಡ, ಹೊಸದು, ಎರಡೂ ಪದಗಳ ನೆರಳಿದೆ.

ಆದೇಶ ಸಂಧಿಯೂ ಇದೆ. ಮಳೆ ಮತ್ತು ಕಾಲ ಕೂಡಿ ಮಳೆಗಾಲ ಆಗುವಂತೆ, ಎರಡನೇ ಪದದ ಶುರುವಿನ ಕ, ತ, ಪಗಳು ಗ, ದ, ಬ ಆಗುತ್ತವೆ. ನಮ್ಮ ನವಿತುರು ಹಾಗಾದರೆ ನವಿದುರು. ಹೇಳಿ ನೋಡಿದರೆ ಅದು ಇನ್ನಷ್ಟು ಮೆತ್ತಗಿದೆ. ನವಿತುರು ಯಾರದೋ ಪಾಲಾಗಿದ್ದರೆ ಕೈಯಲ್ಲಿ ಇನ್ನೊಂದು ಇದ್ದ ಹಾಗಾಯಿತು.

ಹೆಸರು ಸ್ವರದಲ್ಲೇ ಮುಗಿಯಲಿ. ಕನ್ನಡದ ಬಾಯಿ ವ್ಯಂಜನದಲ್ಲಿ ನಿಲ್ಲುವುದಿಲ್ಲ, ‘ಬಸ್’ ಎಂಬುದನ್ನು ‘ಬಸ್ಸು’ ಮಾಡಿದ ಹಾಗೆ ಒಂದು ಉಕಾರ ಸೇರಿಸುತ್ತದೆ. ನೀವು `navit` ಎಂದು ನಿಲ್ಲಿಸಿದರೆ ಕೇಳುವವರು `navitu` ಎಂದು ಟೈಪ್ ಮಾಡಬಹುದು.

## ಈಗ ಇಂಗ್ಲಿಷ್ ಅಕ್ಷರಗಳಿಗೆ

ಹೆಚ್ಚಿನ ಕಡೆ ಯೂಸರ್‌ನೇಮ್‌ಗೆ ಇಂಗ್ಲಿಷ್ ಅಕ್ಷರಗಳೇ ಬೇಕು. ಪಕ್ಕದಲ್ಲಿ ಕಾಣುವ ಹೆಸರನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಜನ ಹುಡುಕಲು, ಟ್ಯಾಗ್ ಮಾಡಲು ಬಳಸುವುದು ಇಂಗ್ಲಿಷ್ ಅಕ್ಷರದ್ದನ್ನು. ಎಷ್ಟೋ ಒಳ್ಳೆಯ ಹೆಸರುಗಳು ಹಾಳಾಗುವುದು ಈ ಹಂತದಲ್ಲಿ.

ಕನ್ನಡದ ಕೆಲವು ಅಕ್ಷರಗಳನ್ನು ಎಲ್ಲರೂ ಒಂದೇ ಥರ ಟೈಪ್ ಮಾಡುತ್ತಾರೆ. ಮ, ನ, ಲ, ರ, ಗ, ಬ ಅಂಥವು. ಇನ್ನು ಕೆಲವಕ್ಕೆ ಎರಡು ಮೂರು ದಾರಿ. ತಕಾರವನ್ನು ಒಬ್ಬರು t ಎಂದರೆ ಇನ್ನೊಬ್ಬರು th ಎನ್ನುತ್ತಾರೆ. ದಕಾರಕ್ಕೆ d ಅಥವಾ dh. ವಕಾರಕ್ಕೆ v ಅಥವಾ w. ದೀರ್ಘ ಸ್ವರಗಳಂತೂ ಒಬ್ಬೊಬ್ಬರಿಗೆ ಒಂದೊಂದು: ಈ ಎಂಬುದಕ್ಕೆ i, ee, ಊ ಎಂಬುದಕ್ಕೆ u, oo. ಒತ್ತಕ್ಷರದ ಎರಡು ಅಕ್ಷರಗಳಲ್ಲಿ ಒಂದನ್ನು ಜನ ಬಿಟ್ಟೇಬಿಡುತ್ತಾರೆ.

ಹಾಗಾಗಿ ಹೆಸರಿನ ಒಂದೊಂದು ತುಂಡಿನ ಕೆಳಗೂ ಅದನ್ನು ಎಷ್ಟು ಬಗೆಯಲ್ಲಿ ಬರೆಯಬಹುದು ಎಂದು ಬರೆದು, ಆ ಸಂಖ್ಯೆಗಳನ್ನು ಗುಣಿಸಿ. ತುನವಿಯಲ್ಲಿ ‘ತು’ಗೆ tu, thu, too ಎಂದು ಮೂರು, ‘ನ’ಗೆ ಒಂದು, ‘ವಿ’ಗೆ vi, wi ಎಂದು ಎರಡು. ಒಟ್ಟು ಆರು ಕಾಗುಣಿತ. ನವಿತುರುವಿನಲ್ಲೂ ಅಷ್ಟೇ: ‘ವಿ’ಗೆ ಎರಡು, ‘ತು’ಗೆ ಮೂರು. ‘ರು’ವನ್ನೂ roo ಎಂದು ಬರೆಯುವವರನ್ನು ಸೇರಿಸಿದರೆ ಹನ್ನೆರಡಾಗುತ್ತದೆ. ಬೆಳಕಿರದಲ್ಲಿ be, la, ki, ra. ಹೆಚ್ಚುಕಡಿಮೆ ಒಂದೇ ಕಾಗುಣಿತ! ಅದು ನನಗೆ ಇಷ್ಟ ಎಂದದ್ದು ಇದಕ್ಕೇ. ಅದರಲ್ಲಿರುವ ಳಕಾರವನ್ನು ಕನ್ನಡ ಬಾರದವರು ಲಕಾರವಾಗಿ ಓದುತ್ತಾರೆ ನಿಜ. ಆದರೆ ಟೈಪ್ ಮಾಡುವಾಗ ಎಲ್ಲರೂ l ಒತ್ತುತ್ತಾರೆ. ಯೂಸರ್‌ನೇಮ್‌ಗೆ ಓದುವಾಗಿನ ತಪ್ಪಿಗಿಂತ ಟೈಪ್ ಮಾಡುವಾಗಿನ ತಪ್ಪು ದುಬಾರಿ. ಓದಿನಲ್ಲಿ ತಪ್ಪಿದರೂ ಜನ ನಿಮ್ಮನ್ನು ತಲುಪುತ್ತಾರೆ, ಟೈಪ್‌ನಲ್ಲಿ ತಪ್ಪಿದರೆ ಬೇರೆಯವರನ್ನು ತಲುಪುತ್ತಾರೆ.

ಎರಡು ಪದ ಆರಿಸುವಾಗಲೇ ಇದು ಗೊತ್ತಿದ್ದರೆ ಒಳ್ಳೆಯದು. ಆದರೆ ಮೆಚ್ಚಿನ ಪದ ಎಂದರೆ ಮೆಚ್ಚಿನ ಪದ. ತುಂತುರು ನನಗೆ ಇಷ್ಟ, ಅದರ ತಕಾರ ತೊಂದರೆ ಕೊಡುತ್ತದೆ ಎಂದು ಬಿಡಲಾರೆ. ತಕಾರ ಬಿಟ್ಟು ‘ರು’ ಮಾತ್ರ ಇಟ್ಟುಕೊಂಡರೆ ಹೇಗೆ ಎಂದು ನೋಡಿದೆ: ರು + ನವಿ, `runavi`. ಕಾಗುಣಿತ ಸುಲಭವಾಯಿತು. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ನಕಾರ ಣಕಾರಗಳ ಭೇದ ಇಲ್ಲವಲ್ಲ, ಕನ್ನಡ ಬಲ್ಲವರು ಮೊದಲ ನಾಲ್ಕು ಅಕ್ಷರಗಳನ್ನು ಋಣ ಎಂದು ಓದುತ್ತಾರೆ. ಸಾಲದ ನೆನಪು ತರುವ ಹೆಸರು ಬೇಡ ಅನಿಸಿತು.

## ಬೆಸುಗೆಯಲ್ಲಿ ಅಡಗಿದ ಪದಗಳು

ಹೀಗೆ ಬೇಡದ ಪದ ಹುಟ್ಟುವುದು ಹೆಚ್ಚಾಗಿ ಬೆಸುಗೆಯ ಆಚೀಚೆ. ಎರಡೂ ಪದಗಳು ಒಳ್ಳೆಯವೇ, ಅವು ಕೂಡುವ ಜಾಗದಲ್ಲಿ ಮೂರನೆಯದೊಂದು ಹುಟ್ಟಿಕೊಳ್ಳುತ್ತದೆ.

ಕೊಳಲು ಮತ್ತು ಎಲೆ ಬೆಸೆದರೆ ಕೊಳೆಲೆ. ಮೊದಲ ಎರಡು ಅಕ್ಷರ ಓದಿ: ಕೊಳೆ. ಇಂಗ್ಲಿಷಿನಲ್ಲಿ ಬರೆದರೆ ಇನ್ನೂ ಕೆಟ್ಟದ್ದು, `kolele`. ಳಕಾರ ಲಕಾರ ಒಂದೇ ಆಗಿ ಕೊಲೆ ಎಂದು ಓದಬಹುದು. ಕೊಳಲಿನಷ್ಟು ಇಂಪಾದ ಪದದಿಂದ ಶುರುಮಾಡಿ ಇಲ್ಲಿಗೆ ಬಂದು ನಿಂತೆವು. ಗೆಜ್ಜೆ ಮತ್ತು ನವಿಲು ಕೂಡಿಸಿ ಗೆವಿಲು ಮಾಡಿದರೆ `gevilu`, ಅದರಲ್ಲಿ ಕೆಡುಕು ಎಂಬ ಅರ್ಥದ `evil` ಇಣುಕುತ್ತದೆ. ಅದೇ ಜೋಡಿಯನ್ನು ತಿರುಗಿಸಿ ನ + ಗೆಜ್ಜೆ ಮಾಡಿದರೆ ನಗೆಜ್ಜೆ, ಬೆಸುಗೆಯಲ್ಲಿ ‘ನಗೆ’ ಹುಟ್ಟುತ್ತದೆ. ಅಡಗಿದ ಪದ ಯಾವಾಗಲೂ ಕೆಟ್ಟದ್ದೇ ಆಗಬೇಕಿಲ್ಲ.

ಹುಡುಕುವ ಕ್ರಮ ಹೀಗಿದೆ. ಹೆಸರನ್ನು ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆಯಿರಿ. ಮೊದಲ ಅಕ್ಷರದಿಂದ ಮೂರು, ನಾಲ್ಕು, ಐದು ಅಕ್ಷರಗಳ ತುಂಡು ನೋಡಿ. ಆಮೇಲೆ ಎರಡನೇ ಅಕ್ಷರದಿಂದ, ಹೀಗೇ ಕೊನೆಯವರೆಗೆ. ನಿಮಗೆ ಗೊತ್ತಿರುವ ಎಲ್ಲ ಭಾಷೆಗಳಲ್ಲೂ ಓದಿ. ಬೇರೆ ಭಾಷೆ ಬಲ್ಲ ಗೆಳೆಯರಿದ್ದರೆ ಅವರಿಗೂ ತೋರಿಸಿ.

`tunavi`ಯನ್ನು ಹೀಗೆ ನೋಡಿದರೆ ಮೊದಲ ನಾಲ್ಕು ಅಕ್ಷರಗಳಲ್ಲಿ ಟೂನಾ ಮೀನು ಕಾಣುತ್ತದೆ. ಇದು ಯಾರನ್ನೂ ನೋಯಿಸುವ ಪದವಲ್ಲ. ಆದರೂ ಯೋಚಿಸಬೇಕಾದದ್ದೇ. `thunavi` ಎಂದು ಬರೆದರೆ ಮೀನು ಹೋಗುತ್ತದೆ, ಒಂದಕ್ಷರ ಹೆಚ್ಚಾಗುತ್ತದೆ, ಕನ್ನಡ ಬಾರದವರು ‘ಥ’ ಎಂದು ಓದುತ್ತಾರೆ. ಯಾವುದು ಇಟ್ಟುಕೊಳ್ಳಬೇಕು ಎಂದು ನಾನೊಬ್ಬಳೇ ಕೂತು ತೀರ್ಮಾನಿಸಲು ಹೋಗಲಿಲ್ಲ.

ಕಣ್ಣಿಗೆ ಮೋಸ ಮಾಡುವ ಅಕ್ಷರಗಳನ್ನೂ ಇದೇ ಹೊತ್ತಿಗೆ ನೋಡಿಬಿಡಿ. r ಮತ್ತು n ಅಕ್ಕಪಕ್ಕ ಬಂದರೆ ಚಿಕ್ಕ ಪರದೆಯಲ್ಲಿ m ಥರ ಕಾಣುತ್ತದೆ. ಹಸಿರು ಮತ್ತು ನವಿಲು ಸೇರಿಸಿ `hasirnavi` ಮಾಡಿದರೆ ಅದನ್ನು `hasimavi` ಎಂದು ಓದುವವರಿದ್ದಾರೆ. ನಡುವಿನ ಉಕಾರ ಉಳಿಸಿಕೊಂಡರೆ ಸಾಕು, ತೊಂದರೆ ಹೋಯಿತು. ಎರಡು v ಸೇರಿದರೆ w ಆಗಿ ಕಾಣುವುದೂ ಹೀಗೆಯೇ.

## ಫೋನ್ ಪರೀಕ್ಷೆ

ಒಬ್ಬ ಗೆಳತಿಗೆ ಫೋನ್ ಮಾಡಿ. ಹೆಸರನ್ನು ಒಂದೇ ಸಲ, ಮಾಮೂಲಿ ವೇಗದಲ್ಲಿ ಹೇಳಿ. ಕಾಗುಣಿತ ಹೇಳಬೇಡಿ, ಯಾವ ಪದಗಳಿಂದ ಮಾಡಿದ್ದು ಎಂದೂ ಹೇಳಬೇಡಿ. ಕೇಳಿಸಿದ್ದನ್ನು ಮೆಸೇಜ್ ಮಾಡಲು ಹೇಳಿ. ಹೀಗೆ ಕನಿಷ್ಠ ಮೂರು ಜನರ ಹತ್ತಿರ ಮಾಡಿ, ಅವರಲ್ಲಿ ಒಬ್ಬರಾದರೂ ಕನ್ನಡ ಅಷ್ಟಾಗಿ ಬರೆಯದವರಾಗಿರಲಿ.

ತುನವಿಗೆ ನನಗೆ ಬಂದ ಮೂರು ಉತ್ತರಗಳು `tunavi`, `thunavi`, ಮತ್ತೆ `tunavi`. ಯಾರೂ w ಬಳಸಲಿಲ್ಲ, ಯಾರೂ oo ಬಳಸಲಿಲ್ಲ. ಕಾಗದದ ಮೇಲೆ ಆರು ಇದ್ದದ್ದು ಬಳಕೆಯಲ್ಲಿ ಎರಡೇ ಆಯಿತು. ನವಿತುರುವಿಗೆ ಮೂವರೂ ಬೇರೆ ಬೇರೆ ಬರೆದರು. ಒಬ್ಬಳಿಗಂತೂ ಅದು ‘ನವಿ ತೂರು’ ಎಂದು ಎರಡು ಪದವಾಗಿ ಕೇಳಿಸಿತ್ತು. ಹಂಚಿಕೊಂಡ ಸದ್ದಿನ ಬೆಸುಗೆ ಇಲ್ಲದಿದ್ದರೆ ಹೀಗೆ ಹೆಸರು ನಡುವೆ ಒಡೆದುಕೊಳ್ಳುತ್ತದೆ. ನಾನು ತುನವಿಗೆ ಒಲಿದದ್ದು ಇದರಿಂದಲೇ.

ಎರಡನೇ ಪರೀಕ್ಷೆ ಇದರ ತಿರುವು. ಮರುದಿನ `tunavi` ಎಂದು ಬರೆದು ಕಳಿಸಿ, ಓದಿ ಧ್ವನಿ ಸಂದೇಶ ಕಳಿಸಲು ಹೇಳಿ. ಹೆಸರು ಕೇಳಿರದ ಹೊಸಬರಿಗೇ ಕಳಿಸಬೇಕು. ಟಕಾರ ಹಾಕಿ ಟುನವಿ ಎಂದು ಓದಿದರೆ ಬೇಸರ ಬೇಡ. ಆದರೆ ಓದುವ ಮುಂಚೆ ತಡೆದು ನಿಂತರೆ, ಎಲ್ಲಿ ನಿಂತರು ಎಂದು ಕೇಳಿಸಿಕೊಳ್ಳಿ. ಬೆಸುಗೆಯ ಜಾಗದಲ್ಲೇ ನಿಂತಿದ್ದರೆ ಬೆಸುಗೆ ಬದಲಿಸಬೇಕು.

ಒಂದು ವಾರ ಬಿಟ್ಟು ಅದೇ ಗೆಳತಿಗೆ ಆ ಹೆಸರು ಏನಾಗಿತ್ತು ಎಂದು ಕೇಳುವುದೂ ನನ್ನ ರೂಢಿ. ತಕ್ಷಣ ನೆನಪಾದರೆ ಸಂತೋಷ.

## ಉದ್ದ, ನಿಯಮ, ಮತ್ತು ಖಾಲಿ ಇದೆಯೇ ಎಂದು ನೋಡುವುದು

ಈ ಭಾಗ ಬೇಗ ಮುಗಿಯುತ್ತದೆ. ಎಕ್ಸ್‌ನಲ್ಲಿ ಯೂಸರ್‌ನೇಮ್ 15 ಅಕ್ಷರ ದಾಟುವಂತಿಲ್ಲ. ರೆಡಿಟ್‌ನಲ್ಲಿ 20, ಇನ್‌ಸ್ಟಾಗ್ರಾಂನಲ್ಲಿ 30, ಗಿಟ್‌ಹಬ್‌ನಲ್ಲಿ 39. ಕಡಿಮೆ ಮಿತಿಯೂ ಇದೆ: ಟೆಲಿಗ್ರಾಂಗೆ 5 ಅಕ್ಷರ ಬೇಕು, ಜಿಮೇಲ್‌ಗೆ 6. ಎಲ್ಲ ಕಡೆ ಒಂದೇ ಹೆಸರು ಬೇಕೆಂದರೆ 6ರಿಂದ 15 ಅಕ್ಷರಗಳ ಒಳಗೆ ಇರಲಿ. `tunavi` ಸರಿಯಾಗಿ 6. ಚಿಹ್ನೆಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ಎಕ್ಸ್ ಅಂಡರ್‌ಸ್ಕೋರ್ ಒಪ್ಪುತ್ತದೆ, ಹೈಫನ್ ಒಪ್ಪುವುದಿಲ್ಲ. ಗಿಟ್‌ಹಬ್ ಹೈಫನ್ ಒಪ್ಪುತ್ತದೆ, ಅಂಡರ್‌ಸ್ಕೋರ್ ಒಪ್ಪುವುದಿಲ್ಲ. ಬರೀ ಅಕ್ಷರಗಳಿದ್ದರೆ ಈ ತಲೆನೋವೇ ಇಲ್ಲ. ಬೆಸುಗೆಯ ಜಾಗದಲ್ಲಿ `tu_navi` ಎಂದು ಗೆರೆ ಹಾಕಿದರೆ, ಅಷ್ಟು ಕಷ್ಟಪಟ್ಟು ಮುಚ್ಚಿದ ಬೆಸುಗೆಯನ್ನು ನಾವೇ ಬಿಚ್ಚಿ ತೋರಿಸಿದ ಹಾಗೆ.

ಖಾಲಿ ಇದೆಯೇ ಎಂದು ನೋಡಲು ಮೊದಲು ಹುಡುಕಾಟದಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕಿ ನೋಡಿ:

```
"tunavi"
```

ಹೀಗೆ ಮಾಡಿದರೆ ಹುಡುಕಾಟ ಆ ಅಕ್ಷರಗಳನ್ನೇ ಹುಡುಕುತ್ತದೆ, ತಿದ್ದಿದ ರೂಪಗಳು ಕಡಿಮೆ ಬರುತ್ತವೆ. ಬೇರೆ ಊರಿನ ಅಂಗಡಿಯೋ ಯಾವುದೋ ಕಂಪನಿಯೋ ಅದೇ ಹೆಸರಿನಲ್ಲಿದ್ದರೆ ಇಲ್ಲೇ ಗೊತ್ತಾಗುತ್ತದೆ. ಆಮೇಲೆ `thunavi`ಯನ್ನೂ ಹುಡುಕಿ, ಯಾಕೆಂದರೆ ತಪ್ಪಿ ಟೈಪ್ ಮಾಡಿದವರು ಹೋಗುವುದು ಅಲ್ಲಿಗೆ. ಆ ಜಾಗದಲ್ಲಿ ನಿಮಗೆ ಹಿಡಿಸದ ಖಾತೆ ಇದ್ದರೆ ಇನ್ನೊಂದು ಬೆಸುಗೆ ನೋಡುವುದು ಲೇಸು. ಕೊನೆಗೆ ನೋಂದಣಿ ಪುಟದಲ್ಲೇ ಟೈಪ್ ಮಾಡಿ ನೋಡಿ. ಪ್ರೊಫೈಲ್ ಪುಟ ಸಿಗಲಿಲ್ಲ ಎಂದ ಮಾತ್ರಕ್ಕೆ ಹೆಸರು ಖಾಲಿ ಎಂದಲ್ಲ, ಮುಚ್ಚಿದ ಖಾತೆಯ ಹೆಸರನ್ನೂ ಕೆಲವು ಕಡೆ ಮತ್ತೆ ಕೊಡುವುದಿಲ್ಲ. ರೆಡಿಟ್‌ನಲ್ಲಿ ಒಮ್ಮೆ ತೆಗೆದುಕೊಂಡ ಹೆಸರನ್ನು ಬದಲಿಸಲಾಗದು, ಅಲ್ಲಿಗೆ ಕೊನೆಯಲ್ಲಿ ಹೋಗಿ.

## ಯಾರೋ ತೆಗೆದುಕೊಂಡುಬಿಟ್ಟಿದ್ದರೆ

ಇಷ್ಟೆಲ್ಲ ಮಾಡಿದ ಮೇಲೂ ಹಾಗಾಗಬಹುದು. ಆಗ ಕೈ ತಾನಾಗಿ ಹುಟ್ಟಿದ ವರ್ಷ ಸೇರಿಸಲು ಹೋಗುತ್ತದೆ. ಬೇಡ. ಅದು ವಯಸ್ಸನ್ನು ಎಲ್ಲರಿಗೂ ಹೇಳುತ್ತದೆ, ಫೋನಿನಲ್ಲಿ ಹೇಳುವಾಗ ಹೆಸರಿನ ಜೊತೆ ಒಂದು ಸಂಖ್ಯೆಯನ್ನೂ ಹೇಳಬೇಕಾಗುತ್ತದೆ. ನಡುವೆ ಒಂದು ಅಕ್ಷರ ದುಪ್ಪಟ್ಟು ಮಾಡಿ `tunnavi` ಎನ್ನುವುದೂ ಕೆಲಸಕ್ಕೆ ಬಾರದು, ಜನ ಹೋಗುವುದು ಮೊದಲಿನ ಖಾತೆಗೇ.

ಅದರ ಬದಲು ಹಾಳೆಗೆ ಹಿಂತಿರುಗಿ, ಬೆಸುಗೆಯನ್ನು ಇದ್ದಲ್ಲೇ ಬಿಟ್ಟು ಬಾಲವನ್ನು ಒಂದು ತುಂಡು ಉದ್ದ ಮಾಡಿ: ತುನವಿಲು, `tunavilu`. ಹಂಚಿಕೊಂಡ ನಕಾರ ಹಾಗೇ ಇದೆ, ನವಿಲು ಪೂರ್ತಿ ಕಾಣುತ್ತದೆ, ಟೂನಾ ಸ್ವಲ್ಪ ಹಿಂದೆ ಸರಿಯುತ್ತದೆ. ಎಂಟೇ ಅಕ್ಷರ. ಒಂದೇ ಕೊರತೆ, ಒಂದು ಪದ ಪೂರ್ತಿ ಉಳಿದರೆ ಬೆಸೆದ ಹೆಸರಿಗಿಂತ ಅಡ್ಡಹೆಸರು ಸೇರಿಸಿದ ನವಿಲಿನಂತೆ ಕೇಳುತ್ತದೆ. ಅದು ನಿಮಗೆ ಪರವಾಗಿಲ್ಲ ಎನಿಸಿದರೆ ಇಟ್ಟುಕೊಳ್ಳಿ. ಅದೂ ಸಿಗದಿದ್ದರೆ ಗುರುತು ಹಾಕಿಟ್ಟ ನವಿತುರು, ಅದರ ಮೆತ್ತನೆಯ ರೂಪ ನವಿದುರು ಇವೆ. ಒಂದೊಂದಕ್ಕೂ ಫೋನ್ ಪರೀಕ್ಷೆಯನ್ನು ಮತ್ತೆ ಮಾಡಬೇಕು, ಹಳೆಯ ಫಲಿತಾಂಶ ಹೊಸ ಬೆಸುಗೆಗೆ ಹೊಂದುವುದಿಲ್ಲ.

ಹೆಸರು ಸಿಕ್ಕ ದಿನವೇ, ನಿಯಮ ಒಪ್ಪುವ ಕಡೆ `thunavi` ಥರದ ಪಕ್ಕದ ಕಾಗುಣಿತವನ್ನೂ ತೆಗೆದಿಟ್ಟು, ಅಲ್ಲಿ ನಿಮ್ಮ ನಿಜವಾದ ಖಾತೆಯ ಹೆಸರು ಬರೆದಿಡಿ. ಕಾಣುವ ಹೆಸರಿನ ಜಾಗದಲ್ಲಿ ತುನವಿ ಎಂದು ಕನ್ನಡದಲ್ಲೇ ಬರೆಯಿರಿ. ಆಗ ಕನ್ನಡ ಓದುವವರು ಟಕಾರಕ್ಕೂ ಮೀನಿಗೂ ಹೋಗದೆ ನೇರವಾಗಿ ಸರಿಯಾದ ಉಚ್ಚಾರಕ್ಕೆ ಬರುತ್ತಾರೆ.